ಕೃಷ್ಣರಾಜನಗರಕ್ಕೆ 8195 ಮೀಟರ್ ಎತ್ತರ: ಬೈಟ್‌ಗಳ ಕ್ರಮ ತಪ್ಪಿದಾಗ

ನಾಲ್ಕು ಬೈಟ್‌ಗಳಲ್ಲಿ ಒಂದು ಪಿನ್‌ಕೋಡ್

ಕೃಷ್ಣರಾಜನಗರದ ಪಿನ್‌ಕೋಡ್ 571602. ಕಂಪ್ಯೂಟರಿನ ಮೆಮೊರಿ ಎಂಬುದು ಒಂದರ ಪಕ್ಕ ಒಂದು ಸಾಲಾಗಿ ನಿಂತ ಗೂಡುಗಳು. ಪ್ರತಿ ಗೂಡಿಗೂ ಒಂದು ವಿಳಾಸ, ಪ್ರತಿ ಗೂಡಿನಲ್ಲೂ ಒಂದೇ ಬೈಟ್. ಒಂದು ಬೈಟ್ 0ಯಿಂದ 255ರವರೆಗಿನ ಸಂಖ್ಯೆಯನ್ನಷ್ಟೇ ಹಿಡಿಯಬಲ್ಲದು. ಹಾಗಾಗಿ ನಮ್ಮ ಪಿನ್‌ಕೋಡನ್ನು ತುಂಡು ಮಾಡದೆ ಇಡಲಾಗದು. ನಾವು ಹತ್ತರ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಎಂದು ಸ್ಥಾನ ಕಟ್ಟುವಂತೆ ಯಂತ್ರ 256ರ ಲೆಕ್ಕದಲ್ಲಿ ಸ್ಥಾನ ಕಟ್ಟುತ್ತದೆ. ಆ ಲೆಕ್ಕದಲ್ಲಿ 571602 ಎಂದರೆ 8 × 65536, ಜೊತೆಗೆ 184 × 256, ಜೊತೆಗೆ 210. ನಾಲ್ಕು ಬೈಟ್‌ಗಳ ಜಾಗ ಕೊಟ್ಟರೆ ತುಂಡುಗಳು 0, 8, 184, 210.

ಈ ನಾಲ್ಕನ್ನು 1000ದಿಂದ 1003ರವರೆಗಿನ ವಿಳಾಸಗಳಲ್ಲಿ ಯಾವ ಕ್ರಮದಲ್ಲಿ ಜೋಡಿಸಬೇಕು? ದೊಡ್ಡ ಸ್ಥಾನದ ತುಂಡನ್ನು ಮೊದಲ ವಿಳಾಸಕ್ಕೆ ಹಾಕುವುದು ಬಿಗ್-ಎಂಡಿಯನ್. ಚಿಕ್ಕ ಸ್ಥಾನದ ತುಂಡನ್ನು ಮೊದಲು ಹಾಕುವುದು ಲಿಟಲ್-ಎಂಡಿಯನ್.

```
ವಿಳಾಸ           1000  1001  1002  1003
ಬಿಗ್-ಎಂಡಿಯನ್      0     8   184   210
ಲಿಟಲ್-ಎಂಡಿಯನ್   210   184     8     0
```

ತಿರುಗುವುದು ಬೈಟ್‌ಗಳ ಸಾಲು ಮಾತ್ರ. 210 ಎಂಬ ಬೈಟಿನ ಒಳಗಿರುವ ಎಂಟು ಬಿಟ್‌ಗಳು ಹಾಗೆಯೇ ಉಳಿಯುತ್ತವೆ. ಇಡೀ ಸಂಖ್ಯೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ ಎಂದುಕೊಂಡು ಹೊಸಬರು ಇಲ್ಲಿ ಎಡವುತ್ತಾರೆ. ಪ್ರೊಸೆಸರಿನೊಳಗೆ ಲೆಕ್ಕ ನಡೆಯುವಾಗ ಈ ಪ್ರಶ್ನೆಯೇ ಇಲ್ಲ. ಸಂಖ್ಯೆ ಮೆಮೊರಿಗೋ ಕಡತಕ್ಕೋ ತಂತಿಗೋ ಇಳಿದಾಗಲಷ್ಟೇ ಕ್ರಮದ ಮಾತು ಬರುತ್ತದೆ.

ಬಾಯಲ್ಲಿ ಒಂದು, ಶಾಸನದಲ್ಲಿ ಇನ್ನೊಂದು

ಎರಡು ಕ್ರಮವೂ ನಮಗೆ ಹೊಸತಲ್ಲ. ಐದು ಲಕ್ಷದ ಎಪ್ಪತ್ತೊಂದು ಸಾವಿರದ ಆರುನೂರ ಎರಡು ಎಂದು ಬಾಯಲ್ಲಿ ಹೇಳುವಾಗ ದೊಡ್ಡದು ಮೊದಲು. ಶಾಸನಗಳಲ್ಲಿ ವರ್ಷವನ್ನು ಪದಗಳಿಂದ ಹೇಳುವ ಭೂತಸಂಖ್ಯೆಯ ಪದ್ಧತಿಯಲ್ಲಾದರೋ ಅಂಕಿಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಆ ರೀತಿಯಲ್ಲಿ ಇದೇ ಪಿನ್‌ಕೋಡನ್ನು ನಾನು ಹೀಗೆ ಕಟ್ಟುತ್ತೇನೆ: ನಯನ, ಆಕಾಶ, ರಸ, ಭೂಮಿ, ಋಷಿ, ಬಾಣ. ಎಂದರೆ 2, 0, 6, 1, 7, 5. ಬಿಡಿಸ್ಥಾನ ಮೊದಲು.

ಯಂತ್ರಗಳಲ್ಲಿ ಚಿಕ್ಕದನ್ನು ಮೊದಲಿಡುವುದಕ್ಕೆ ಕಾರಣ ಕೂಡುವ ಲೆಕ್ಕ. ಕೂಡುವಾಗ ನಾವೂ ಬಿಡಿಸ್ಥಾನದಿಂದಲೇ ಶುರುಮಾಡಿ ದಶಕವನ್ನು ಎಡಕ್ಕೆ ಒಯ್ಯುತ್ತೇವೆ. ಬೈಟೊಂದೊಂದಾಗಿ ಕೂಡುತ್ತಿದ್ದ ಹಳೆಯ ಯಂತ್ರಕ್ಕೆ ಬಿಡಿಸ್ಥಾನವೇ ಮೊದಲು ಕೈಗೆ ಸಿಕ್ಕರೆ ಕೆಲಸ ಹಗುರ. ಇಂಟೆಲ್ ಈ ದಾರಿ ಹಿಡಿಯಿತು, ಇಂದಿನ ಲ್ಯಾಪ್‌ಟಾಪ್‌ಗಳೂ ಅದರಲ್ಲೇ ನಡೆಯುತ್ತಿವೆ. ಐಬಿಎಮ್‌ನ ದೊಡ್ಡ ಯಂತ್ರಗಳು ಮತ್ತು ಮೊಟೊರೊಲಾದ 68000 ಚಿಪ್ ಇನ್ನೊಂದು ದಾರಿ ಹಿಡಿದವು. ಇಂಟರ್‌ನೆಟ್ಟಿನ ಪ್ಯಾಕೆಟ್‌ಗಳ ತಲೆಬರಹದಲ್ಲೂ ದೊಡ್ಡದೇ ಮೊದಲು. ಈ ಎರಡು ಪಂಗಡಗಳಿಗೆ ಹೆಸರಿಟ್ಟವರು ಡ್ಯಾನಿ ಕೋಹೆನ್, 1980ರ ಏಪ್ರಿಲ್ 1ರಂದು ಬರೆದ ಒಂದು ಟಿಪ್ಪಣಿಯಲ್ಲಿ. ಗಲಿವರನ ಪ್ರವಾಸದ ಕತೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಲಿಲಿಪುಟ್ಟಿನ ಜನರಿಂದ ಅವರು ಹೆಸರನ್ನು ಎತ್ತಿಕೊಂಡರು.

ನಾಲ್ಕು ತಾಲ್ಲೂಕುಗಳ ಒಂದು ಕಡತ

ಕ್ರಮ ತಪ್ಪಿದರೆ ಏನಾಗುತ್ತದೆಂದು ಒಂದು ನಿಜವಾದ ಕಡತದಲ್ಲಿ ನೋಡೋಣ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರಾಡಾರ್ ಹೊತ್ತು ಭೂಮಿಯ ಏರಿಳಿತವನ್ನು ಅಳೆಯಿತು. ಎಸ್‌ಆರ್‌ಟಿಎಮ್ ಎಂಬ ಆ ಅಳತೆಯ ದತ್ತಾಂಶ ಒಂದೊಂದು ಡಿಗ್ರಿಯ ಚೌಕಗಳಾಗಿ ಸಿಗುತ್ತದೆ. `N12E076.hgt` ಎಂಬ ಚೌಕದೊಳಗೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಪಟ್ಟಣಗಳು ನಾಲ್ಕೂ ಬರುತ್ತವೆ. ಮೈಸೂರು, ಕನ್ನಂಬಾಡಿ ಕಟ್ಟೆ ಕೂಡ.

ಇದರ ಸುಮಾರು 90 ಮೀಟರ್ ಅಂತರದ ಆವೃತ್ತಿಯಲ್ಲಿ 1201 ಸಾಲು, ಸಾಲಿಗೆ 1201 ಅಂಕಿ. ಪ್ರತಿ ಅಂಕಿಯೂ ಸಮುದ್ರಮಟ್ಟದಿಂದ ಮೀಟರ್ ಎತ್ತರ, ಅದಕ್ಕೆ ಎರಡು ಬೈಟ್. ಒಟ್ಟು 28,84,802 ಬೈಟ್. ಕಡತದಲ್ಲಿ ಇರುವುದು ಇಷ್ಟೇ. ತಲೆಬರಹವಿಲ್ಲ, ಕ್ರಮ ಯಾವುದೆಂದು ಹೇಳುವ ಗುರುತೂ ಇಲ್ಲ. ದೊಡ್ಡದು ಮೊದಲು ಎಂಬ ಮಾತು ಜೊತೆಗಿನ ದಾಖಲೆಯಲ್ಲಿದೆ. ಅದನ್ನು ಓದುವ ವ್ಯವಧಾನ ಯಾರಿಗಿದೆ ಎನ್ನುವುದು ಬೇರೆ ಮಾತು.

ಸಾಲುಗಳು ಉತ್ತರದ 13 ಡಿಗ್ರಿಯಿಂದ ಕೆಳಗಿಳಿಯುತ್ತವೆ. ಕೃಷ್ಣರಾಜನಗರ ಸುಮಾರು 12.44 ಉತ್ತರ, 76.38 ಪೂರ್ವದಲ್ಲಿದೆ. ಸೊನ್ನೆಯಿಂದ ಎಣಿಸಿದರೆ ಅದು 672ನೇ ಸಾಲಿನ 456ನೇ ಅಂಕಿ. ಕಡತದ ಆರಂಭದಿಂದ 16,15,056 ಬೈಟ್ ದಾಟಿದರೆ ಸಿಗುತ್ತದೆ.

```python
import numpy as np
a = np.fromfile("N12E076.hgt", dtype=">i2").reshape(1201, 1201)
print(a[672, 456])
```

`>i2` ಎಂಬುದರಲ್ಲಿ `>` ಗುರುತು ದೊಡ್ಡದು ಮೊದಲು ಎಂದು ಹೇಳುತ್ತದೆ. ಅದರ ಬದಲು `int16` ಎಂದು ಬರೆದರೆ ಲ್ಯಾಪ್‌ಟಾಪ್ ತನ್ನ ರೂಢಿಯಂತೆ ಚಿಕ್ಕದು ಮೊದಲು ಎಂದೇ ಓದುತ್ತದೆ. ದೋಷದ ಸೂಚನೆ ಬರುವುದಿಲ್ಲ, ಕಡತದ ಅಳತೆಯಲ್ಲೂ ಏರುಪೇರಾಗುವುದಿಲ್ಲ.

ಒಂದು ಮೀಟರ್ 256 ಆಗುವುದು

ಒಂದು ಜಾಗದ ಎತ್ತರ 800 ಮೀಟರ್ ಎಂದಿಟ್ಟುಕೊಳ್ಳಿ. 3 × 256 ಮತ್ತು 32. ಬೈಟ್‌ಗಳು 3, 32. ತಿರುವಿ ಓದಿದರೆ 32 × 256 ಮತ್ತು 3, ಅಂದರೆ 8195. ಕಾವೇರಿ ಬಯಲಿನ ಗದ್ದೆ ಹಿಮಾಲಯಕ್ಕೆ ಏರಿತು. ಪಕ್ಕದ ಜಾಗ 801 ಇದ್ದರೆ ಅದು 8451. ಒಂದು ಮೀಟರಿನ ಏರು 256 ಮೀಟರಿನ ಕಡಿದಾದ ಗೋಡೆಯಾಗುತ್ತದೆ, ಏಕೆಂದರೆ ಬಿಡಿಸ್ಥಾನದಲ್ಲಿದ್ದ ಬೈಟ್ ಈಗ ದೊಡ್ಡ ಸ್ಥಾನದಲ್ಲಿ ಕೂತಿದೆ. 895 ಮೀಟರ್ 32515 ಆಗುತ್ತದೆ. ಅದರ ಮುಂದಿನ 896 ಋಣ 32765 ಆಗುತ್ತದೆ, ಯಾಕೆಂದರೆ ದೊಡ್ಡ ಬೈಟ್ 128 ಮುಟ್ಟಿದ ಕೂಡಲೇ ಸಂಖ್ಯೆ ಋಣವೆಂದು ಲೆಕ್ಕ. ನಕ್ಷೆ ಬಿಡಿಸಿದರೆ ಪಟ್ಟೆಪಟ್ಟೆಯಾದ ಗೊಂದಲ ಕಾಣುತ್ತದೆ. ಇದು ಒಳ್ಳೆಯ ತಪ್ಪು, ನೋಡಿದವರಿಗೆ ತಕ್ಷಣ ತಿಳಿಯುತ್ತದೆ.

ಕಣ್ಣಿಗೆ ಬೀಳದ ತಪ್ಪು ಬೇರೆಯಿದೆ. ರಾಡಾರ್ ಅಲೆ ಸರಿಯಾಗಿ ಮರಳದ ಕಡೆ, ನಿಂತ ನೀರಿನ ಮೇಲೋ ಕಡಿದಾದ ಬೆಟ್ಟದ ಮರೆಯಲ್ಲೋ, ಮೊದಮೊದಲ ಆವೃತ್ತಿಗಳಲ್ಲಿ ಎತ್ತರದ ಬದಲು ಋಣ 32768 ಎಂದು ತುಂಬಿದ್ದರು. ಇಲ್ಲಿ ಅಳತೆಯಿಲ್ಲ ಎಂಬ ಗುರುತು ಅದು. ಅದರ ಬೈಟ್‌ಗಳು 128, 0. ತಿರುವಿದರೆ 0, 128, ಅಂದರೆ ಬರೀ 128 ಮೀಟರ್. ಖಾಲಿ ಜಾಗಗಳನ್ನು ಕೈಬಿಡಲು ಋಣ 32768ನ್ನು ಹುಡುಕುವ ಪ್ರೋಗ್ರಾಮಿಗೆ ಇವು ಸಿಗುವುದೇ ಇಲ್ಲ. ಎಲ್ಲಿಯೂ ಇಲ್ಲದ ತಗ್ಗುಗಳು ಸರಾಸರಿಯಲ್ಲಿ ಸೇರಿಕೊಳ್ಳುತ್ತವೆ.

ಯಾವ ಬೈಟ್ ನಿಧಾನ?

ದಾಖಲೆ ಕೈಲಿಲ್ಲದಾಗ ಕ್ರಮ ಪತ್ತೆಮಾಡುವ ಉಪಾಯ ಕಡತದಲ್ಲೇ ಇದೆ.

```
xxd -s 1615056 -l 32 N12E076.hgt
```

ಇದು ಆ ಜಾಗದ 16 ಎತ್ತರಗಳ ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಬಯಲುಸೀಮೆಯ ನೆಲ ಅಕ್ಕಪಕ್ಕದ 90 ಮೀಟರಿನಲ್ಲಿ ಹೆಚ್ಚು ಬದಲಾಗದು. 768ರಿಂದ 1023 ಮೀಟರಿನವರೆಗೆ ದೊಡ್ಡ ಬೈಟ್ ಸದಾ 3. ಚಾಮುಂಡಿ ಬೆಟ್ಟದ ನೆತ್ತಿಗೆ ಹೋದರೆ 4. ಹೀಗಾಗಿ ಪ್ರತಿ ಜೋಡಿಯಲ್ಲಿ ಒಂದು ಬೈಟ್ 03, 03, 03 ಎಂದು ಅಲುಗದೆ ನಿಂತಿರುತ್ತದೆ, ಇನ್ನೊಂದು ಕುಣಿಯುತ್ತಿರುತ್ತದೆ. ಅಲುಗದ ಬೈಟೇ ದೊಡ್ಡ ಸ್ಥಾನದ್ದು. ಅದು ಜೋಡಿಯಲ್ಲಿ ಮೊದಲಿದ್ದರೆ ಕಡತ ಬಿಗ್-ಎಂಡಿಯನ್. ನೆಲ ಸರಿಯಾಗಿ 768ರ ಆಸುಪಾಸಿನಲ್ಲಿದ್ದರೆ 02 ಮತ್ತು 03ರ ನಡುವೆ ಓಲಾಡುವುದುಂಟು, ಆಗ ಇನ್ನೊಂದು ಕಡೆ ನೋಡಿದರಾಯಿತು.

ತಪ್ಪು ಓದಿದ್ದರೆ `a = a.byteswap()` ಪ್ರತಿ ಜೋಡಿಯನ್ನೂ ತಿರುವಿ ಸರಿಮಾಡುತ್ತದೆ. ಆದರೆ `>i2` ಹಾಕಿ ಸರಿಯಾಗಿಯೇ ಓದಿದ ಮೇಲೆ, ಇರಲಿ ಎಂದು ಇದನ್ನೂ ಸೇರಿಸುವವರಿದ್ದಾರೆ. ಆಗ 800 ಮತ್ತೆ 8195 ಆಗುತ್ತದೆ.