‘ಚಂದ ಅದ’ ಅನ್ನುವುದಕ್ಕೆ ಆಧಾರ ಏನು?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದ ಒಬ್ಬರು ‘ನನಗ ಸೇರಲಿಲ್ಲ’ ಅಂದರೆ ಯಾರೂ ವಾದಕ್ಕಿಳಿಯುವುದಿಲ್ಲ. ಅವರ ನಾಲಗೆ, ಅವರ ಇಷ್ಟ. ಅಲ್ಲಿಯದೇ ಒಂದು ಅಂಗಡಿಯ ಗೋಡೆಗೆ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರದ ಹಳೆಯ ಕ್ಯಾಲೆಂಡರ್ ತೂಗುಹಾಕಿದೆ ಎಂದುಕೊಳ್ಳಿ. ಒಬ್ಬರು ‘ಭಾಳ ಚಂದ ಅದ ನೋಡ್ರಿ’ ಅನ್ನುತ್ತಾರೆ. ಇನ್ನೊಬ್ಬರು ‘ಬರೇ ಝಗಝಗ, ಇದರಾಗ ಏನದರೀ?’ ಅನ್ನುತ್ತಾರೆ. ಇಲ್ಲಿ ಮಾತ್ರ ವಾದ ಶುರುವಾಗುತ್ತದೆ. ಹಣ್ಣಿನ ವಿಷಯದಲ್ಲಿ ಇಲ್ಲದ ಹಟ ಚಿತ್ರದ ವಿಷಯದಲ್ಲಿ ಎಲ್ಲಿಂದ ಬಂತು? ಸೌಂದರ್ಯಮೀಮಾಂಸೆ ಹುಟ್ಟಿದ್ದು ಇಂಥ ಪ್ರಶ್ನೆಯಿಂದ.

ಮೊದಲ ವರ್ಷದ ವಿದ್ಯಾರ್ಥಿಗಳು ಇದನ್ನು ಕಲಾ ಇತಿಹಾಸದ ಜೊತೆ ಬೆರೆಸಿಬಿಡುತ್ತಾರೆ. ಕಲಾ ಇತಿಹಾಸಕಾರರು ಅದೇ ಕ್ಯಾಲೆಂಡರ್ ಮುಂದೆ ನಿಂತು ಕೇಳುವುದೇ ಬೇರೆ. ಪಂಡಿತರು (1916–1993) ಕಲಬುರಗಿಯವರು. ಮುಂಬೈಯಲ್ಲಿ ಸಿನಿಮಾ ಪ್ರಚಾರಚಿತ್ರಗಳನ್ನು ಬರೆದವರು. ಹಾಗಾದರೆ ಪುರಾಣದ ಪಾತ್ರಗಳ ಮೈಕಟ್ಟು, ಮುಖದ ಮೇಲೆ ಬೀಳುವ ಬೆಳಕು ಸಿನಿಮಾದಿಂದ ಎಷ್ಟು ಬಂದಿದೆ, ರವಿವರ್ಮನ ಅಚ್ಚುಚಿತ್ರಗಳಿಂದ ಎಷ್ಟು? ಮುದ್ರಿಸಿದ್ದು ಎಲ್ಲಿ, ಕೊಂಡವರು ಯಾರು? ಇವಕ್ಕೆ ಉತ್ತರ ಸಿಗುವುದು ದಾಖಲೆಗಳಲ್ಲಿ, ಬೇರೆ ಚಿತ್ರಗಳ ಜೊತೆಗಿನ ಹೋಲಿಕೆಯಲ್ಲಿ. ಆದರೆ ಎಲ್ಲ ಉತ್ತರ ಸಿಕ್ಕ ಮೇಲೂ ಅಂಗಡಿಯ ವಾದ ಇದ್ದಲ್ಲೇ ಇರುತ್ತದೆ. ಚಿತ್ರ ಹೇಗೆ ಬಂತು ಎಂದು ತಿಳಿದ ಮಾತ್ರಕ್ಕೆ ಅದು ಚಂದವೋ ಅಲ್ಲವೋ ತೀರ್ಮಾನವಾಗುವುದಿಲ್ಲ.

ಈ ಎರಡೂ ಕೆಲಸ ಒಂದೇ ಗ್ರಂಥದಲ್ಲಿ ಅಕ್ಕಪಕ್ಕ ನಡೆದದ್ದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ದುರ್ವಿನೀತನೇ ಮೊದಲಾದ ಹಿಂದಿನ ಕವಿಗಳನ್ನು ಹೆಸರಿಸುತ್ತದೆ. ಅದು ಚರಿತ್ರೆಯ ಕೆಲಸ. ದಂಡಿಯ ‘ಕಾವ್ಯಾದರ್ಶ’ದ ದಾರಿ ಹಿಡಿದು ಯಾವುದು ಗುಣ, ಯಾವುದು ದೋಷ ಎಂದೂ ವಿಂಗಡಿಸುತ್ತದೆ, ಅದು ತೀರ್ಪಿನ ಕೆಲಸ. ಆದರೆ ದೋಷ ಎಂದು ಹೇಳುವ ಅಧಿಕಾರ ಯಾರಿಗೆ, ಯಾಕೆ ಎಂಬುದು ಇನ್ನೂ ಒಂದು ಮೆಟ್ಟಿಲು ಮೇಲಿನ ಪ್ರಶ್ನೆ.

ಯುರೋಪಿನಲ್ಲಿ ಆ ಮೆಟ್ಟಿಲು ಹತ್ತಿದವರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ಅಭಿರುಚಿಯ ಮಾನದಂಡದ ಬಗೆಗಿನ ತನ್ನ 1757ರ ಪ್ರಬಂಧದಲ್ಲಿ ಅವನು ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಒಂದು ಕತೆ ತರುತ್ತಾನೆ. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸ ಸವಿಯುತ್ತಾರೆ. ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಎಂದು ಒಬ್ಬ. ಕಬ್ಬಿಣದ ವಾಸನೆ ಎಂದು ಇನ್ನೊಬ್ಬ. ಎಲ್ಲರೂ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಕಬ್ಬಿಣದ ಕೀಲಿಕೈ ಸಿಗುತ್ತದೆ. ಸೂಕ್ಷ್ಮ ಗ್ರಹಿಕೆ, ಅಭ್ಯಾಸ, ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹವಿಲ್ಲದ ಮನಸ್ಸು, ವಿವೇಕ ಇರುವವರು ಒಮ್ಮತಕ್ಕೆ ಬಂದರೆ ಅದೇ ಮಾನದಂಡ ಎನ್ನುತ್ತಾನೆ ಹ್ಯೂಮ್. ತೊಡಕು ಇಲ್ಲೇ ಇದೆ. ಕ್ಯಾಲೆಂಡರಿನಲ್ಲಿ ಕೀಲಿಕೈ ಎಲ್ಲಿ? ಒಳ್ಳೆಯ ಚಿತ್ರ ಯಾವುದು ಎಂದರೆ ಒಳ್ಳೆಯ ರಸಿಕರು ಮೆಚ್ಚಿದ್ದು. ಒಳ್ಳೆಯ ರಸಿಕರು ಯಾರೆಂದರೆ ಒಳ್ಳೆಯ ಚಿತ್ರ ಮೆಚ್ಚುವವರು! ಹ್ಯೂಮನ ಮೇಲಿನ ಈ ಆಕ್ಷೇಪ ಇವತ್ತಿಗೂ ನಿಂತಿದೆ.

1790ರಲ್ಲಿ ಇಮ್ಯಾನುಯೆಲ್ ಕಾಂಟ್ ಬೇರೆ ದಾರಿ ಹಿಡಿದ. ಹಣ್ಣು ರುಚಿಯಾಗಿದೆ ಎನ್ನುವವರು ತಮ್ಮ ಮಟ್ಟಿಗೆ ಮಾತ್ರ ಹೇಳುತ್ತಾರೆ. ಚಂದವಿದೆ ಎನ್ನುವವರು ಮಾತ್ರ, ಯಾವ ಸೂತ್ರದಿಂದಲೂ ಸಾಬೀತು ಮಾಡಲಾಗದಿದ್ದರೂ, ಎಲ್ಲರ ಸಮ್ಮತಿ ಕೇಳುತ್ತಿರುತ್ತಾರೆ. ಹಾಗೆ ಕೇಳಲು ಅವರಿಗೆ ಹಕ್ಕು ಬರುವುದು ಆ ಸಂತೋಷದ ಹಿಂದೆ ಸ್ವಂತದ ಆಸೆ, ಲಾಭ ಇಲ್ಲದಿದ್ದಾಗ. ಈ ಪರೀಕ್ಷೆಯನ್ನು ನಮ್ಮ ಕ್ಯಾಲೆಂಡರಿಗೆ ಹಚ್ಚಿ ನೋಡಿ. ಮೆಚ್ಚಿದವರು ಮನೆದೇವರ ಚಿತ್ರ ಎಂಬ ಕಾರಣಕ್ಕೆ ಮೆಚ್ಚಿದ್ದರೆ ಅದು ಭಕ್ತಿ. ಇನ್ನೂ ಸೌಂದರ್ಯದ ತೀರ್ಪಲ್ಲ. ಜರಿದವರು ಕ್ಯಾಲೆಂಡರ್ ಚಿತ್ರವೆಂದರೆ ಅಗ್ಗದ್ದು ಎಂದು ಜರಿದಿದ್ದರೆ ಅದೂ ತೀರ್ಪಲ್ಲ, ಬರೀ ಪ್ರತಿಷ್ಠೆ. ಇಬ್ಬರೂ ಚಿತ್ರವನ್ನು ಇನ್ನೂ ನೋಡಿಯೇ ಇಲ್ಲ.

ಕಾಂಟ್‌ಗಿಂತ ಸುಮಾರು 800 ವರ್ಷ ಮೊದಲು ಕಾಶ್ಮೀರದ ಅಭಿನವಗುಪ್ತ, ತನ್ನದೇ ಸುಖದುಃಖದಲ್ಲಿ ಮುಳುಗಿರುವುದನ್ನು ರಸಾನುಭವದ ವಿಘ್ನಗಳಲ್ಲೊಂದಾಗಿ ಎಣಿಸಿದ್ದ. ಹಾಗೆಂದು ಇಬ್ಬರೂ ಹೇಳಿದ್ದು ಒಂದೇ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ತಪ್ಪು. ಅಭಿನವಗುಪ್ತನ ಕಾಳಜಿ ಅನುಭವ ಹೇಗೆ ಪೂರ್ಣವಾಗುತ್ತದೆ ಎಂಬುದು. ಕಾಂಟ್‌ನದು ತೀರ್ಪಿಗೆ ಹಕ್ಕು ಎಲ್ಲಿಂದ ಎಂಬುದು.

1979ರಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ ಈ ನಿರ್ಮೋಹದ ನೋಟವನ್ನೇ ಅನುಮಾನಿಸಿದ. ಹೊಟ್ಟೆಬಟ್ಟೆಯ ಚಿಂತೆ ಇಲ್ಲದ, ಓದಿಕೊಂಡ ಮನೆಗಳಲ್ಲಿ ಅದು ಬೆಳೆಯುತ್ತದೆ, ಆಮೇಲೆ ಉಳಿದವರನ್ನು ಅಳೆಯುವ ಕೋಲಾಗುತ್ತದೆ ಎಂಬುದು ಅವನ ವಾದ. ಪಂಡಿತರಂಥವರ ಕ್ಯಾಲೆಂಡರ್ ಚಿತ್ರಗಳನ್ನು ಗ್ಯಾಲರಿಯ ಜನ ಮೂಗು ಮುರಿದು ನೋಡಿದ್ದನ್ನು ನೆನೆದರೆ ಮಾತು ನಿಜವೆನಿಸುತ್ತದೆ. ಆದರೂ ನನ್ನ ಮಟ್ಟಿಗೆ ಅದು ಅರ್ಧ ಉತ್ತರ. ಯಾರು ಯಾಕೆ ಮೂಗು ಮುರಿದರು ಎಂದು ಅದು ಹೇಳುತ್ತದೆ, ಅವರ ಮಾತು ಸರಿಯೋ ತಪ್ಪೋ ಎಂದು ಹೇಳುವುದಿಲ್ಲ.

ಓದಲು ಹೊರಟವರು ಹ್ಯೂಮನ ಪ್ರಬಂಧದಿಂದ ಶುರುಮಾಡಿ; ಚಿಕ್ಕದು, ತಿಳಿಯಾಗಿದೆ. ರಸ, ಧ್ವನಿಗಳಿಗೆ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ. ಕಾಂಟ್‌ನನ್ನು ಅದಾದ ಮೇಲೆ ಹಿಡಿಯಿರಿ.