ಅಡಿಟಿಪ್ಪಣಿಯ ಇಸವಿ ಯಾವುದರ ಇಸವಿ?

ಸಖರಾಯಪಟ್ಟಣದ ಕಾನೂನು ವಿದ್ಯಾರ್ಥಿಯೊಬ್ಬ ತನ್ನ ಮೊದಲ ಸೆಮಿನಾರ್ ಪ್ರಬಂಧಕ್ಕೆ ಅಯ್ಯನಕೆರೆ ಅಚ್ಚುಕಟ್ಟಿನ ಗೇಣಿ ಜಮೀನುಗಳನ್ನು ವಿಷಯವಾಗಿ ಆರಿಸಿಕೊಂಡ ಎನ್ನೋಣ. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತ ಕಾಲದ ಕಥೆ ಅದು. ಮೊದಲ ಪುಟದಲ್ಲೇ ಅವನಿಗೆ ಒಂದು ತೀರ್ಪು, ಒಂದು ಅಧಿನಿಯಮ, ಒಂದು ಜರ್ನಲ್ ಲೇಖನ ಬೇಕಾಗುತ್ತವೆ. ಮೂರರ ಅಡಿಟಿಪ್ಪಣಿಯಲ್ಲೂ ಇಸವಿ ಇರುತ್ತದೆ, ಆದರೆ ಮೂರು ಕಡೆಯೂ ಅದು ಹೇಳುವುದು ಬೇರೆ ಬೇರೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ತೀರ್ಪುಗಳ ವಿಷಯದಲ್ಲಿ ಈ ಗೊಂದಲ ಹಳೆಯದು. 1875ರ ಇಂಡಿಯನ್ ಲಾ ರಿಪೋರ್ಟ್ಸ್ ಅಧಿನಿಯಮದ ಪ್ರಕಾರ, ಸರ್ಕಾರದ ಅಧಿಕಾರದಿಂದ ಪ್ರಕಟವಾದ ವರದಿಯನ್ನು ಬಿಟ್ಟು ಬೇರೆ ವರದಿಗಳನ್ನು ಕೇಳಲೇಬೇಕೆಂಬ ಕಟ್ಟುಪಾಡು ನ್ಯಾಯಾಲಯಗಳಿಗೆ ಇರಲಿಲ್ಲ. ಮರುವರ್ಷವೇ ಐಎಲ್‌ಆರ್ ಸಂಪುಟಗಳು ಬರತೊಡಗಿದವು. ಆದರೆ ಸರ್ಕಾರಿ ವರದಿ ನಿಧಾನ, ವಕೀಲರಿಗೋ ಅವಸರ. ಹಾಗಾಗಿ ಖಾಸಗಿ ಮಾಲೆಗಳು ಬೆಳೆದವು. ಮೊದಲು ಎಐಆರ್ ಬಂತು, 1969ರಲ್ಲಿ ಲಖನೌದಿಂದ ಎಸ್‌ಸಿಸಿ. ಸುಪ್ರೀಂ ಕೋರ್ಟಿನ ಅಧಿಕೃತ ಮಾಲೆ ಎಸ್‌ಸಿಆರ್. ಹೀಗೆ ಒಂದೇ ತೀರ್ಪಿಗೆ ಮೂರು ವಿಳಾಸಗಳಾದವು.

ಭೂಸುಧಾರಣೆಯ ಬಗ್ಗೆ ಬರೆಯುವವನು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಪ್ರಕರಣವನ್ನು ಬಿಡಲಾರ. ಅದರ ಅಡಿಟಿಪ್ಪಣಿ ಹೀಗಿರುತ್ತದೆ: ಕೇಶವಾನಂದ ಭಾರತಿ v ಕೇರಳ ರಾಜ್ಯ (1973) 4 ಎಸ್‌ಸಿಸಿ 225. ಅಂದರೆ ಆ ವರ್ಷದ ನಾಲ್ಕನೆಯ ಸಂಪುಟ, 225ನೇ ಪುಟದಿಂದ ಆರಂಭ. ಇದೇ ತೀರ್ಪು ಎಐಆರ್ 1973 ಎಸ್‌ಸಿ 1461ರಲ್ಲೂ ಇದೆ. ಅಲ್ಲಿ ಇಸವಿಗೆ ಆವರಣವಿಲ್ಲ. ಈ ತೀರ್ಪು ಬಂದದ್ದೂ 1973ರಲ್ಲೇ ಆದ್ದರಿಂದ ತೊಡಕು ಕಾಣುವುದಿಲ್ಲ. ಟಿ.ಎಂ.ಎ. ಪೈ ಫೌಂಡೇಶನ್ v ಕರ್ನಾಟಕ ರಾಜ್ಯ ಪ್ರಕರಣವನ್ನು ನೋಡಿ: ತೀರ್ಪು 2002ರ ಅಕ್ಟೋಬರ್ 31ರದ್ದು, ಎಸ್‌ಸಿಸಿ ವಿಳಾಸ (2002) 8 ಎಸ್‌ಸಿಸಿ 481, ಆದರೆ ಎಐಆರ್‌ನಲ್ಲಿ ಅದು 2003 ಎಸ್‌ಸಿ 355. ತೀರ್ಪಿನ ಉಲ್ಲೇಖದಲ್ಲಿರುವುದು ಸಂಪುಟದ ಇಸವಿ. ‘2003ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತು’ ಎಂದು ಪಠ್ಯದಲ್ಲಿ ಬರೆದವನು ತೀರ್ಪಿನ ದಿನಾಂಕ ನೋಡಿಲ್ಲವೆಂದು ಪರೀಕ್ಷಕರಿಗೆ ಆ ಸಾಲಿನಲ್ಲೇ ತಿಳಿಯುತ್ತದೆ. ಇದಕ್ಕಿಂತ ಗಂಭೀರವಾದ ತಪ್ಪೆಂದರೆ ಎಸ್‌ಸಿಸಿಯ ವಿಳಾಸ ಕೊಟ್ಟು ಪ್ಯಾರಾ ಸಂಖ್ಯೆಯನ್ನು ಎಐಆರ್‌ನಿಂದ ತೆಗೆದುಕೊಳ್ಳುವುದು. ಎರಡರ ಪ್ಯಾರಾ ಎಣಿಕೆ ಒಂದೇ ಆಗಿರುವುದಿಲ್ಲ. ಓದಿದ್ದು ಯಾವುದೋ ಅದನ್ನೇ ಉಲ್ಲೇಖಿಸಬೇಕು.

2023ರಲ್ಲಿ ಸುಪ್ರೀಂ ಕೋರ್ಟ್ ತಾನೇ ತೀರ್ಪುಗಳಿಗೆ ತಟಸ್ಥ ಉಲ್ಲೇಖ ಸಂಖ್ಯೆ ಕೊಡತೊಡಗಿತು: ಇಸವಿ, ಐಎನ್‌ಎಸ್‌ಸಿ, ಕ್ರಮಸಂಖ್ಯೆ. ಇಲ್ಲಿ ಇಸವಿ ತೀರ್ಪಿನದೇ, ಪ್ರಕಾಶಕರ ಹಂಗಿಲ್ಲ. ಕರ್ನಾಟಕ ಹೈಕೋರ್ಟೂ ಈ ದಾರಿ ಹಿಡಿದಿದೆ. ಧಾರವಾಡ ಮತ್ತು ಕಲಬುರಗಿ ಪೀಠಗಳ ಗುರುತು ಸಂಖ್ಯೆಯಲ್ಲೇ ಕಾಣುತ್ತದೆ. ಲೈಬ್ರರಿಯಲ್ಲಿ ಎಸ್‌ಸಿಸಿ ಸಂಪುಟಗಳಿಲ್ಲದ ಊರಿನ ವಿದ್ಯಾರ್ಥಿಗೆ ಇಷ್ಟು ದಿನದಲ್ಲಿ ದೊರೆತ ದೊಡ್ಡ ಅನುಕೂಲ ಇದೇ ಎಂಬುದು ನನ್ನ ಅಭಿಪ್ರಾಯ.

ಅಧಿನಿಯಮದ ಲೆಕ್ಕ ಬೇರೆ. ಕರ್ನಾಟಕ ಭೂಸುಧಾರಣೆ ಅಧಿನಿಯಮ 1961 ಎಂಬುದು ಹೆಸರು, ಸಂಖ್ಯೆ ಮಾತ್ರ 1962ರ 10. ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರ ಮಾರ್ಚ್‌ನಲ್ಲಿ. ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಹೆಸರಿನ ಇಸವಿಯನ್ನು ‘ಸರಿಪಡಿಸಲು’ ಹೋಗಬಾರದು. ಫಾರಂ 7ರ ಅರ್ಜಿಗೆ ಆಧಾರವಾದ ಕಲಂ 48ಎ ಮೂಲದಲ್ಲಿ ಇರಲೇ ಇಲ್ಲ. 1974ರ 1ನೇ ಅಧಿನಿಯಮದ ತಿದ್ದುಪಡಿಯಿಂದ ಅದು ಸೇರಿತು. ಹಾಗಾಗಿ ಟಿಪ್ಪಣಿಯಲ್ಲಿ ಕಲಂ 48ಎ ಎಂದು ಬರೆದ ಮೇಲೆ ತಿದ್ದುಪಡಿಯನ್ನೂ ಹೇಳಬೇಕು. ಇಲ್ಲದಿದ್ದರೆ 1961ರಲ್ಲೇ ಆ ಹಕ್ಕು ಇತ್ತೆಂದು ಓದುಗ ತಿಳಿಯುತ್ತಾನೆ, ವಾದವೇ ದಾರಿ ತಪ್ಪುತ್ತದೆ. ಇನ್ನೊಂದು ಮಾತು: 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಮೈಸೂರು ಭೂಸುಧಾರಣೆ ಅಧಿನಿಯಮ ಕರ್ನಾಟಕದ್ದಾಯಿತು, ಅದನ್ನು ಈಗಿನ ಹೆಸರಿನಲ್ಲೇ ಕರೆಯುತ್ತೇವೆ. ಆದರೆ ಹಳೆಯ ತೀರ್ಪು ಐಎಲ್‌ಆರ್ ಮೈಸೂರು ಸಂಪುಟದಲ್ಲಿದ್ದರೆ ಅದು ಮೈಸೂರೇ. ರಟ್ಟಿನ ಮೇಲೆ ಅಚ್ಚಾದ ಹೆಸರನ್ನು ಯಾರೂ ತಿದ್ದುವಂತಿಲ್ಲ.

ಲೇಖನದ ಉಲ್ಲೇಖದಲ್ಲಿ ಸಂಪುಟವೇ ಮುಖ್ಯ, ಇಸವಿ ಅದರ ಜೊತೆಗಾರ. ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ಜರ್ನಲ್‌ನಲ್ಲಿ ಉಪೇಂದ್ರ ಬಕ್ಷಿ 1967ರಲ್ಲಿ ಬರೆದ ಲೇಖನವೊಂದು ಒಂಬತ್ತನೆಯ ಸಂಪುಟದ 323ನೇ ಪುಟದಿಂದ ಆರಂಭವಾಗುತ್ತದೆ. ಆಕ್ಸ್‌ಫರ್ಡಿನ ಆಸ್ಕೋಲಾ ಪದ್ಧತಿಯಲ್ಲಿ ಅದು (1967) 9 ಜೆಐಎಲ್‌ಐ 323. ಆ ಸಂಸ್ಥೆಯದೇ ಪದ್ಧತಿಯಲ್ಲಿ 9 ಜೆಐಎಲ್‌ಐ 323 (1967). ಯಾವುದನ್ನು ಹಿಡಿಯಬೇಕೆಂದು ವಿಭಾಗದವರನ್ನು ಮೊದಲೇ ಕೇಳಿ, ಕೊನೆಯ ಪುಟದವರೆಗೂ ಅದನ್ನೇ ಉಳಿಸಿಕೊಳ್ಳಬೇಕು.

ಎರಡನೆಯ ಸಲ ಉಲ್ಲೇಖಿಸುವಾಗ ‘ಬಕ್ಷಿ (ಟಿ 3)’ ಎಂದು ಕೈಯಾರೆ ಅಂಕಿ ಬರೆದರೆ, ನಡುವೆ ಹೊಸ ಟಿಪ್ಪಣಿ ಸೇರಿದ ಕೂಡಲೇ ಅದು ಬೇರೊಬ್ಬರ ಕಡೆಗೆ ಕೈ ತೋರಿಸುತ್ತದೆ. ವರ್ಡ್‌ನಲ್ಲಿ ಆ ಅಂಕಿಯನ್ನು `Cross-reference` ಮೂಲಕವೇ ಸೇರಿಸಬೇಕು. ಸಲ್ಲಿಸುವ ಮೊದಲು ಒಂದು ಟಿಪ್ಪಣಿಯ ಒಳಗೆ ಕರ್ಸರ್ ಇಟ್ಟು `Ctrl+A`, ಆಮೇಲೆ `F9` ಒತ್ತಬೇಕು. ಮೇಲಿನ ಪಠ್ಯದಲ್ಲಿ ಕರ್ಸರ್ ಇದ್ದಾಗ ಒತ್ತಿದರೆ ಟಿಪ್ಪಣಿಗಳ ಒಳಗಿನ ಅಂಕಿಗಳು ಹಳೆಯವೇ ಉಳಿಯುತ್ತವೆ.