ಜಾಮಿತ್ರ: ಎದುರು ಮನೆಯ ಸಂಗಾತಿ

ಜಾಮಿತ್ರ (ನಾ.) ಜಾತಕದಲ್ಲಿ ಲಗ್ನದಿಂದ ಏಳನೆಯ ಮನೆ, ಕಳತ್ರಸ್ಥಾನ.

ಈ ಪದಕ್ಕೂ ‘ಮಿತ್ರ’ನಿಗೂ ನಂಟಿಲ್ಲ. ಮೂಲ ಗ್ರೀಕಿನ ‘ದಿಯಾಮೆತ್ರೊಸ್’, ಅಂದರೆ ವ್ಯಾಸ. ಇಂಗ್ಲಿಷಿನ ‘ಡಯಾಮೀಟರ್’ ಬಂದದ್ದೂ ಅಲ್ಲಿಂದಲೇ. ಕಾಳಿದಾಸನ ಕುಮಾರಸಂಭವದಲ್ಲಿ ಪಾರ್ವತಿಯ ಮದುವೆ ಮುಹೂರ್ತಕ್ಕೆ ‘ಜಾಮಿತ್ರ’ ಪದ ಬಳಕೆಯಾಗಿದೆ.

ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಏಳುವ ರಾಶಿ ಲಗ್ನ. ಅದಕ್ಕೆ ನೇರ ಎದುರಾಗಿ ಪಶ್ಚಿಮದಲ್ಲಿ ಮುಳುಗುವುದು ಜಾಮಿತ್ರ, ಪಾಶ್ಚಾತ್ಯರ ‘ಡಿಸೆಂಡೆಂಟ್’. ಮೇಷ ಲಗ್ನಕ್ಕೆ ಎದುರು ತುಲಾ: ದುಡುಕಿನವರು ತೂಗಿನೋಡುವ ಸಂಗಾತಿಯನ್ನು ಅರಸುತ್ತಾರೆ ಎಂಬುದು ಜ್ಯೋತಿಷಿಗಳ ಓದು.

ಪಾಶ್ಚಾತ್ಯರಲ್ಲಿ ಕೆಲವರು ಜೊತೆಗೆ ಜೂನೋವನ್ನೂ ನೋಡುತ್ತಾರೆ. 1804ರಲ್ಲಿ ಪತ್ತೆಯಾದ ಈ ಕ್ಷುದ್ರಗ್ರಹಕ್ಕೆ ರೋಮನ್ನರ ವಿವಾಹದೇವತೆಯ ಹೆಸರು. ಅದು ಮಕರದಲ್ಲಿದ್ದರೆ ಹೊಣೆ ಹೊರುವ ಸಂಗಾತಿ ಬೇಕೆನ್ನುತ್ತಾರೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ, ಹುಟ್ಟಿದ ವೇಳೆ ತಪ್ಪಿದರೆ ಜಾಮಿತ್ರವೂ ತಪ್ಪೀತು. ಜೂನೋ ಮಾತ್ರ ವಾರಗಟ್ಟಲೆ ಒಂದೇ ರಾಶಿಯಲ್ಲಿರುತ್ತದೆ.